ದೂರಿನಲ್ಲಿ ‘ಯಾವಾಗಲೂ’ ಎಂದು ಬರೆಯಬಾರದೇಕೆ?

ಸಹೋದ್ಯೋಗಿಯ ಒರಟು ಮಾತಿನ ಬಗ್ಗೆ ಎಚ್‌ಆರ್‌ ವಿಭಾಗಕ್ಕೆ ದೂರು ಬಂದಾಗ ಅಲ್ಲಿನವರು ಮೊದಲು ನೋಡುವುದು ಅದರಲ್ಲಿ ವಿಚಾರಿಸಿ ತಿಳಿಯಬಹುದಾದದ್ದು ಏನಿದೆ ಎಂಬುದನ್ನು. ದೂರುದಾರರಿಗೆ ಎಷ್ಟು ನೋವಾಗಿದೆ ಎಂಬುದನ್ನು ಅಳೆಯಲು ಅವರಲ್ಲಿ ಯಾವ ಸಾಧನವೂ ಇಲ್ಲ. ಯಾವ ದಿನ, ಎಲ್ಲಿ, ಯಾರ ಎದುರು, ಯಾವ ಮಾತು ಎಂಬುದನ್ನಾದರೆ ಕೇಳಿ ತಿಳಿಯಬಹುದು. ಆಪಾದಿತರನ್ನು ಕರೆಸಿ ಉತ್ತರ ಕೇಳುವುದೂ ಈ ವಿವರಗಳ ಮೇಲೆಯೇ.

ಒಂದು ಕಂಪನಿಯ ಲೆಕ್ಕಪತ್ರ ವಿಭಾಗದ ಕಿರಿಯ ನೌಕರರೊಬ್ಬರು ಹೀಗೆ ಬರೆದರು ಎಂದುಕೊಳ್ಳೋಣ: “ಅವರು ಯಾವಾಗಲೂ ಎಲ್ಲರ ಮುಂದೆ ನನ್ನನ್ನು ಅವಮಾನಿಸುತ್ತಾರೆ. ಅವರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು. ಇದು ಇಡೀ ಆಫೀಸಿಗೇ ಗೊತ್ತು.” ಬರೆದವರ ಸಂಕಟ ನಿಜವೇ ಇರಬಹುದು, ಆದರೆ ಮೂರು ವಾಕ್ಯಗಳಲ್ಲಿ ಒಂದೂ ವಿಚಾರಣೆಗೆ ನಿಲ್ಲುವುದಿಲ್ಲ. ಇಬ್ಬರೂ ನಗುನಗುತ್ತ ಊಟಕ್ಕೆ ಹೋದ ಒಂದು ದಿನವನ್ನು ಎದುರಿನವರು ನೆನಪಿಸಿದರೆ ಸಾಕು, ‘ಯಾವಾಗಲೂ’ ಎಂಬುದು ಸುಳ್ಳಾಗುತ್ತದೆ. ಹೊಟ್ಟೆಕಿಚ್ಚು ದೂರುದಾರರ ಊಹೆ. ‘ಇಡೀ ಆಫೀಸು’ ಎಂದಾಗ ಎಚ್‌ಆರ್‌ನವರು ಇಬ್ಬರನ್ನು ಕೇಳುತ್ತಾರೆ. ಅವರಲ್ಲೊಬ್ಬರು “ನಾನೇನೂ ಕೇಳಿಲ್ಲ” ಎಂದರೆ ಉಳಿದ ಮಾತಿನ ಮೇಲೂ ಅನುಮಾನ ಹುಟ್ಟುತ್ತದೆ. ಉತ್ಪ್ರೇಕ್ಷೆಯ ನಷ್ಟ ಇದೇ. ನಿಜವಾಗಿ ನಡೆದದ್ದನ್ನೂ ಅದು ತನ್ನ ಜೊತೆಗೆ ಎಳೆದುಕೊಂಡು ಹೋಗುತ್ತದೆ.

ಅದೇ ದೂರನ್ನು ಹೀಗೆ ಬರೆಯಬಹುದು: “ಮಾರ್ಚ್ 4, ಬುಧವಾರ, ಬೆಳಿಗ್ಗೆ ಸುಮಾರು 11 ಗಂಟೆಯ ಮೀಟಿಂಗಿನಲ್ಲಿ ನಾನು ಸಿದ್ಧಪಡಿಸಿದ ಜಿಎಸ್‌ಟಿ ಪಟ್ಟಿಯಲ್ಲಿ ಎರಡು ಇನ್‌ವಾಯ್ಸ್ ಬಿಟ್ಟುಹೋಗಿದ್ದವು. ಅದನ್ನು ನೋಡಿ ಅವರು, ‘ನಿನಗೆ ಕೂಡೋದಕ್ಕೂ ಬರಲ್ವಾ? ನಿನಗೆ ಯಾರು ಕೆಲಸ ಕೊಟ್ಟರೋ’ ಎಂದರು. ಮ್ಯಾನೇಜರ್ ಮತ್ತು ಇನ್ನಿಬ್ಬರು ಅಲ್ಲಿದ್ದರು. ಇನ್‌ವಾಯ್ಸ್ ಬಿಟ್ಟದ್ದು ನನ್ನ ತಪ್ಪು. ನಾನು ಉತ್ತರ ಕೊಡಲಿಲ್ಲ.” ಇದರ ಕೆಳಗೆ ಇದೇ ರೀತಿ ಮಾರ್ಚ್ 11ರ ಮಾತು, ಮಾರ್ಚ್ 17ರಂದು ಆಫೀಸಿನ ಚಾಟ್‌ನಲ್ಲಿ ಬಂದ ಸಂದೇಶ, ಅದರ ಸ್ಕ್ರೀನ್‌ಶಾಟ್.

ಇಲ್ಲಿ ತಪ್ಪನ್ನು ಒಪ್ಪಿಕೊಂಡ ಸಾಲು ಅನೇಕರಿಗೆ ಅನಗತ್ಯ ಎನಿಸಬಹುದು. ಆದರೆ ಎದುರಿನವರು ಮೊದಲು ಎತ್ತುವ ಮಾತೇ ಅದು: “ಕೆಲಸ ತಪ್ಪು ಮಾಡಿದ್ದಕ್ಕೆ ಗದರಿದೆ.” ದೂರಿನಲ್ಲೇ ಅದು ಬಂದಿದ್ದರೆ ಆಮೇಲೆ ಉಳಿಯುವ ಪ್ರಶ್ನೆ ಒಂದೇ, ತಪ್ಪು ತೋರಿಸಲು ಆ ಭಾಷೆ ಬೇಕಿತ್ತೇ ಎಂಬುದು. ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ಬರೆಯಬೇಕು. ‘ಅಸಭ್ಯವಾಗಿ ನಿಂದಿಸಿದರು’ ಎಂದು ಸಾರಾಂಶ ಕೊಟ್ಟರೆ ಅದೆಷ್ಟು ಅಸಭ್ಯವೆಂದು ಓದುವವರಿಗೆ ತಿಳಿಯದು. ಸರಿಯಾಗಿ ನೆನಪಿಲ್ಲದಿದ್ದರೆ ‘ಹೆಚ್ಚು ಕಡಿಮೆ ಈ ಮಾತು’ ಎಂದೇ ಬರೆಯುವುದು ಲೇಸು. ದಿನಾಂಕದಲ್ಲಂತೂ ಎಚ್ಚರ ಬೇಕು. ಆಪಾದಿತರು ರಜೆಯಲ್ಲಿದ್ದ ದಿನವನ್ನು ಬರೆದುಬಿಟ್ಟರೆ ಹಾಜರಿ ದಾಖಲೆಯೇ ದೂರನ್ನು ಬೀಳಿಸುತ್ತದೆ. ಅದಕ್ಕಾಗಿಯೇ ಪ್ರತಿ ಘಟನೆಯನ್ನೂ ಅಂದೇ ಸಂಜೆ ಎರಡು ಸಾಲಿನಲ್ಲಿ ಗುರುತು ಹಾಕಿಕೊಳ್ಳುವವರ ದೂರು ಗಟ್ಟಿಯಾಗಿರುತ್ತದೆ.

ಕೊನೆಯಲ್ಲಿ ಏನು ಬೇಕೆಂಬುದನ್ನೂ ಹೇಳಬೇಕು: ಆ ವ್ಯಕ್ತಿಯೊಂದಿಗೆ ಮಾತನಾಡಿ ಇದನ್ನು ನಿಲ್ಲಿಸಬೇಕೇ, ಇಬ್ಬರನ್ನೂ ಕೂರಿಸಿ ಮಾತನಾಡಿಸಬೇಕೇ, ತಂಡ ಬದಲಾಗಬೇಕೇ? ‘ಕೆಲಸದಿಂದ ತೆಗೆಯಿರಿ’ ಎಂಬ ಬೇಡಿಕೆ ಮೂರು ಒರಟು ಮಾತುಗಳಿಗೆ ಹೊಂದುವುದಿಲ್ಲ. ಶಿಕ್ಷೆಯನ್ನು ನಿರ್ಧರಿಸುವುದು ಕಂಪನಿಯ ನಡವಳಿಕೆ ನಿಯಮ.

ಎಲ್ಲ ಮಾತೂ ಬರೀ ಒರಟುತನವಲ್ಲ. ಮಹಿಳಾ ಉದ್ಯೋಗಿಯ ಬಗ್ಗೆ ಲೈಂಗಿಕ ಧ್ವನಿಯ ಮಾತು ಬಂದಿದ್ದರೆ ಅದು 2013ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಅದಕ್ಕೆಂದೇ ಆಂತರಿಕ ಸಮಿತಿ ಇರಬೇಕು. ದೂರನ್ನು ಲಿಖಿತವಾಗಿ, ಘಟನೆ ನಡೆದ ಮೂರು ತಿಂಗಳೊಳಗೆ, ಸರಣಿ ಘಟನೆಗಳಾದರೆ ಕೊನೆಯದರಿಂದ ಮೂರು ತಿಂಗಳೊಳಗೆ ಕೊಡಬೇಕು. ಸೂಕ್ತ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು.

ದೂರನ್ನು ಇಮೇಲ್‌ನಲ್ಲಿ ಕಳಿಸಿ, ತಲುಪಿದ್ದಕ್ಕೆ ಉತ್ತರ ಪಡೆದು ಇಟ್ಟುಕೊಳ್ಳಬೇಕು. ಮಾನನಷ್ಟದ ಮೊಕದ್ದಮೆ ಬಿದ್ದೀತೇ ಎಂದು ಹಲವರು ಹೆದರುತ್ತಾರೆ. ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ಇಟ್ಟ ದೂರು ಮಾನನಷ್ಟದ ಅಪರಾಧವಲ್ಲ ಎಂಬ ವಿನಾಯಿತಿ ಹಳೆಯ ದಂಡ ಸಂಹಿತೆಯಲ್ಲಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲೂ ಇದೆ. ಅದೇ ಪತ್ರವನ್ನು ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಈ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ.