ತಿಂಗಳ ಸಂಬಳದೊಳಗಿನ ಗಂಟೆಯ ಲೆಕ್ಕ

ಕಾವೇರಿ, ಕನ್ನಿಕೆ, ಸುಜ್ಯೋತಿಗಳು ಕೂಡುವ ಭಾಗಮಂಡಲಕ್ಕೆ ವಾರಾಂತ್ಯಗಳಲ್ಲಿಯೂ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದ ದಿನಗಳಲ್ಲಿಯೂ ಜನ ಹರಿದುಬರುವುದರಿಂದ, ಅಲ್ಲಿನ ವಸತಿಗೃಹ, ಹೋಟೆಲುಗಳ ನೌಕರರ ಕೆಲಸದ ಹೊತ್ತು ಹಿಗ್ಗುತ್ತದೆ. ಸಂಬಳ ಹಾಗೆಯೇ ಉಳಿದಾಗ ಅವರ ದುಡಿಮೆಯ ಬೆಲೆ ಏನಾಗುತ್ತದೆಂಬುದನ್ನು ಕುರಿತು ಕೆಲವು ತಪ್ಪು ಕಲ್ಪನೆಗಳಿವೆ.

ತಪ್ಪು ಕಲ್ಪನೆ: ಸಂಬಳ ಕಡಿತವಾಗದಿದ್ದರೆ ನಷ್ಟವಿಲ್ಲ.

ಸತ್ಯ: ನಿಜವಾದ ಗಂಟೆದರವೆಂದರೆ ತಿಂಗಳ ಸಂಬಳವನ್ನು ವಾಸ್ತವವಾಗಿ ದುಡಿದ ಗಂಟೆಗಳಿಂದ ಭಾಗಿಸಿದಾಗ ಬರುವ ಮೊತ್ತ. ವಸತಿಗೃಹದ ಸ್ವಾಗತ ಕೌಂಟರಿನ ನೌಕರರೊಬ್ಬರಿಗೆ ತಿಂಗಳಿಗೆ 26,000 ರೂಪಾಯಿ ಸಂಬಳವಿದೆಯೆಂದು ಭಾವಿಸಿದರೆ, 26 ದಿನ, ದಿನಕ್ಕೆ 8 ಗಂಟೆಯಂತೆ 208 ಗಂಟೆಗಳಾಗಿ, ಗಂಟೆಗೆ 125 ರೂಪಾಯಿ ಬೀಳುತ್ತದೆ. ಅದೇ ನೌಕರರು ದಿನಕ್ಕೆ 11 ಗಂಟೆ ದುಡಿದು, ವಾರದ ರಜೆಯ ಎರಡು ದಿನಗಳಲ್ಲಿಯೂ ತಲಾ 10 ಗಂಟೆ ಕೆಲಸ ಮಾಡಿದರೆ ಒಟ್ಟು 306 ಗಂಟೆಗಳಾಗಿ, ದರ ಸುಮಾರು 85 ರೂಪಾಯಿಗೆ ಇಳಿಯುತ್ತದೆ. ಊಟದ ಬಿಡುವನ್ನು ಈ ಲೆಕ್ಕದಿಂದ ಕಳೆಯಬಹುದಾದರೂ, ಆ ಹೊತ್ತಿನಲ್ಲಿಯೂ ಕೌಂಟರಿನಲ್ಲಿಯೇ ಕುಳಿತು ಅತಿಥಿಗಳಿಗೆ ಉತ್ತರಿಸಬೇಕಾಗಿದ್ದರೆ ಅದು ದುಡಿಮೆಯೇ ಹೊರತು ಬಿಡುವಲ್ಲ.

ತಪ್ಪು ಕಲ್ಪನೆ: ಭಾನುವಾರದ ಕೆಲಸವೆಲ್ಲ ಹೆಚ್ಚುವರಿ ದುಡಿಮೆ.

ಸತ್ಯ: ಭಾನುವಾರ ದುಡಿದವರಿಗೆ ಅದೇ ವಾರದ ಬೇರೊಂದು ದಿನ ಪೂರ್ಣ ರಜೆ ದೊರೆತರೆ ಒಟ್ಟು ಗಂಟೆಗಳು ಬದಲಾಗುವುದಿಲ್ಲ, ದರವೂ ಇಳಿಯುವುದಿಲ್ಲ. ಬದಲಿ ರಜೆಯನ್ನು ಮುಂದೂಡುತ್ತ ಹೋಗಿ ಕೊನೆಗೆ ಕೊಡದೇ ಇದ್ದಾಗ ಮಾತ್ರ ನಷ್ಟವಾಗುತ್ತದೆ. ಬಂದ ಮತ್ತು ಹೊರಟ ಸಮಯವನ್ನು ನೌಕರರೇ ದಿನವೂ ಬರೆದಿಟ್ಟುಕೊಂಡರೆ ಇದು ತಿಂಗಳ ಕೊನೆಗೆ ಸ್ಪಷ್ಟವಾಗಿ ಕಾಣುತ್ತದೆ.

ತಪ್ಪು ಕಲ್ಪನೆ: ತಿಂಗಳ ಸಂಬಳದವರಿಗೆ ಓವರ್‌ಟೈಮ್ ಇಲ್ಲ.

ಸತ್ಯ: 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವು ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿ, ಅದನ್ನು ಮೀರಿದ ಕೆಲಸಕ್ಕೆ ಸಾಮಾನ್ಯ ದರದ ಎರಡರಷ್ಟು ವೇತನ ಕೊಡಬೇಕೆನ್ನುತ್ತದೆ. ವ್ಯವಸ್ಥಾಪಕ ಸ್ಥಾನದಲ್ಲಿರುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಸಂಬಳ ತಿಂಗಳಿಗೊಮ್ಮೆ ಬರುತ್ತದೆಂಬ ಒಂದೇ ಕಾರಣಕ್ಕೆ ಯಾರೂ ಅದರಿಂದ ಹೊರಗುಳಿಯುವುದಿಲ್ಲ. ಮೇಲಿನ ಉದಾಹರಣೆಯ 98 ಹೆಚ್ಚುವರಿ ಗಂಟೆಗಳಿಗೆ 250 ರೂಪಾಯಿಯಂತೆ 24,500 ರೂಪಾಯಿ, ಅಂದರೆ ಬಹುತೇಕ ಇನ್ನೊಂದು ತಿಂಗಳ ಸಂಬಳವೇ ಆಗುತ್ತದೆ. ಓವರ್‌ಟೈಮ್ ಸತತ ಮೂರು ತಿಂಗಳಲ್ಲಿ 50 ಗಂಟೆ ಮೀರಬಾರದೆಂದು ಅದೇ ಅಧಿನಿಯಮ ಹೇಳುವುದರಿಂದ, ಹಣ ಕೊಟ್ಟರೂ ಇಷ್ಟು ದುಡಿಸುವುದು ನಿಯಮಬಾಹಿರ.

ತಪ್ಪು ಕಲ್ಪನೆ: ಬಡ್ತಿ ಸಿಕ್ಕರೆ ಎಲ್ಲವೂ ಸರಿಹೋಗುತ್ತದೆ.

ಸತ್ಯ: ಸಂಬಳ 30,000 ರೂಪಾಯಿಗೆ ಏರಿದರೂ 306 ಗಂಟೆಗಳು ಹಾಗೆಯೇ ಉಳಿದರೆ ದರ ಸುಮಾರು 98 ರೂಪಾಯಿಯಾಗುತ್ತದೆ. ಓವರ್‌ಟೈಮಿನ ಇಮ್ಮಡಿ ದರವನ್ನು ಬದಿಗಿಟ್ಟು ಮೊದಲಿನ 125 ರೂಪಾಯಿಯನ್ನಷ್ಟೇ ಉಳಿಸಿಕೊಳ್ಳಬೇಕೆಂದರೂ ಸಂಬಳ 38,250 ರೂಪಾಯಿ ಇರಬೇಕಾಗುತ್ತದೆ. ಆದ್ದರಿಂದ ಬಡ್ತಿಯನ್ನು ಒಪ್ಪುವ ಮುನ್ನ ಹೊಸ ಸಂಬಳದಷ್ಟೇ ಹೊಸ ಕೆಲಸದ ಗಂಟೆಗಳನ್ನೂ ಕೇಳಿ ತಿಳಿದುಕೊಳ್ಳುವುದು ಅಗತ್ಯ.