ಬಂಗುಡೆಯ ಮೈಯಲ್ಲೊಂದು ಅಲೆ

ಅನಿಮೇಷನ್ ಕಲಿಯುತ್ತಿರುವವರಿಗೆ ಒಂದು ಮೀನು ಕೊಟ್ಟು ಈಜಿಸಿ ಎಂದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಮೈಯನ್ನು ನೆಟ್ಟಗೆ ಬಿಟ್ಟು ಬಾಲವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತಾರೆ, ಆಮೇಲೆ ಮೀನನ್ನು ಪರದೆಯ ಮೇಲೆ ಮುಂದಕ್ಕೆ ಸರಿಸುತ್ತಾರೆ. ಮೀನೇನೋ ಸಾಗುತ್ತದೆ, ಆದರೆ ಈಜುವುದಿಲ್ಲ. ಅದರ ಬಾಲಕ್ಕೂ ಅದರ ಓಟಕ್ಕೂ ಏನೇನೂ ಸಂಬಂಧವಿಲ್ಲ ಎಂಬುದು ನೋಡುವವರ ಕಣ್ಣಿಗೆ ತಕ್ಷಣ ಗೊತ್ತಾಗಿಬಿಡುತ್ತದೆ. ಏನು ತಪ್ಪಾಗಿದೆ ಎಂದು ಹೇಳಲು ಬಾರದಿದ್ದರೂ ತಪ್ಪಾಗಿರುವುದು ಮಾತ್ರ ತಿಳಿಯುತ್ತದೆ.

ತಪ್ಪು ಇರುವುದು ಬಾಲದಲ್ಲಲ್ಲ. ಮೀನು ಬಾಲವೊಂದನ್ನೇ ಆಡಿಸಿ ಈಜುವುದಿಲ್ಲ. ತಲೆಯ ಹಿಂದೆ ಹುಟ್ಟುವ ಸಣ್ಣ ಬಾಗು ಮೈಯುದ್ದಕ್ಕೂ ಹಿಂದಕ್ಕೆ ಸಾಗುತ್ತದೆ, ಸಾಗುತ್ತ ಸಾಗುತ್ತ ದೊಡ್ಡದಾಗುತ್ತದೆ, ಕೊನೆಗೆ ಬಾಲದ ತುದಿಯಿಂದ ನೀರಿಗೆ ಇಳಿಯುತ್ತದೆ. ಬಾವಿಯ ಹಗ್ಗದ ಒಂದು ತುದಿ ಹಿಡಿದು ಝಾಡಿಸಿದಾಗ ಅದರೊಳಗೆ ಓಡುವ ಅಲೆಯ ಹಾಗೆ. ನಾವು ಬಾಲದ ಆಟ ಎನ್ನುವುದು ಆ ಅಲೆ ಊರು ಮುಟ್ಟಿದ ಗಳಿಗೆಯನ್ನು ಮಾತ್ರ.

ಇದನ್ನು ಚಿತ್ರಗಳಲ್ಲಿ ಹಿಡಿದು ವಿವರಿಸಿದವರಲ್ಲಿ ಮುಖ್ಯರು ಕೇಂಬ್ರಿಜ್‌ನ ಪ್ರಾಣಿಶಾಸ್ತ್ರಜ್ಞ ಜೇಮ್ಸ್ ಗ್ರೇ. 1933ರಲ್ಲಿ ಅವರು ಹಾವುಮೀನಿನ ಈಜನ್ನು ಚೌಕಳಿ ಗೆರೆಗಳ ಮೇಲೆ ಒಂದರ ಹಿಂದೊಂದರಂತೆ ಫೋಟೊ ತೆಗೆದು ಪ್ರಕಟಿಸಿದರು. ಒಂದೊಂದು ಚಿತ್ರದಲ್ಲೂ ಮೈಯ ಉಬ್ಬು ಹಿಂದಿನ ಚಿತ್ರಕ್ಕಿಂತ ಬಾಲದ ಕಡೆಗೆ ಸ್ವಲ್ಪ ಸರಿದಿರುತ್ತದೆ. ಈ ಅಲೆಯನ್ನು ಹುಟ್ಟಿಸುವ ಸ್ನಾಯುಗಳು ಮೀನು ತಿನ್ನುವವರಿಗೆಲ್ಲ ಪರಿಚಿತ. ಬೆಂದ ಮೀನನ್ನು ಬಿಡಿಸಿದಾಗ ಪದರ ಪದರವಾಗಿ ಬರುತ್ತದಲ್ಲ, ಆ ಒಂದೊಂದು ಪದರವೂ ಒಂದೊಂದು ಸ್ನಾಯು. ಅವು ತಲೆಯ ಕಡೆಯಿಂದ ಬಾಲದ ಕಡೆಗೆ ಸರದಿಯ ಮೇಲೆ ಬಿಗಿಯುತ್ತವೆ, ಒಮ್ಮೆ ಎಡಮಗ್ಗುಲಿನವು, ಒಮ್ಮೆ ಬಲಮಗ್ಗುಲಿನವು.

ಎಲ್ಲ ಮೀನೂ ಒಂದೇ ಥರ ಬಾಗುವುದಿಲ್ಲ. ಹಾವುಮೀನು ಇಡೀ ಮೈಯನ್ನು ಬಳುಕಿಸುತ್ತದೆ. ಟ್ಯೂನಾದ ಮೈ ಬಹುತೇಕ ನೆಟ್ಟಗಿದ್ದು ಬಾಲದ ಬುಡ ಮಾತ್ರ ಬೀಸುತ್ತದೆ. ಇವೆರಡರ ನಡುವೆ ಬರುವುದು ನಮ್ಮ ಕರಾವಳಿಯ ಬಂಗುಡೆ. ಅದರ ಅಟ್ಲಾಂಟಿಕ್ ಸಾಗರದ ನೆಂಟನಾದ ಮೆಕರೆಲ್ ಹೇಗೆ ಈಜುತ್ತದೆ ಎಂಬುದನ್ನು ವಿಡೆಲರ್ ಮತ್ತು ಹೆಸ್ ಎಂಬ ಸಂಶೋಧಕರು 1984ರಲ್ಲಿ ಅಳೆದು ಬರೆದಿದ್ದಾರೆ. ಹಾಗಾಗಿ ನಮ್ಮ ಲೆಕ್ಕಕ್ಕೂ 24 ಸೆಂಟಿಮೀಟರ್ ಉದ್ದದ ಒಂದು ಬಂಗುಡೆಯನ್ನೇ ತೆಗೆದುಕೊಳ್ಳೋಣ.

ಮೂತಿಯ ತುದಿಯನ್ನು 0, ಬಾಲದ ತುದಿಯನ್ನು 1 ಎಂದು ಇಟ್ಟುಕೊಂಡು ನಡುವಿನ ಯಾವುದೇ ಜಾಗವನ್ನು `s` ಎನ್ನೋಣ. ಆ ಜಾಗ ನಡುಗೆರೆಯಿಂದ ಎಷ್ಟು ಪಕ್ಕಕ್ಕೆ ಸರಿದಿದೆ ಎಂಬುದು `y`. ಮೀನಿನ ಸುತ್ತ ನೀರು ಹರಿಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವವರು ಇಂಥ ಮೀನಿಗೆ ಬಳಸುವ ಸೂತ್ರ ಚಿಕ್ಕದು:

```
amp = 0.02 - 0.08*s + 0.16*s*s
y   = L * amp * sin(6.28*s - phase)
```

ಗಣಿತ ಎಂದು ಹೆದರಬೇಕಿಲ್ಲ, ಇದರಲ್ಲಿರುವುದು ಎರಡೇ ಮಾತು. ಮೊದಲ ಸಾಲು ಯಾವ ಜಾಗ ಎಷ್ಟು ಬೀಸಬೇಕು ಎನ್ನುತ್ತದೆ, ಎರಡನೆಯದು ಯಾವಾಗ ಬೀಸಬೇಕು ಎನ್ನುತ್ತದೆ. ನಮ್ಮ ಬಂಗುಡೆಗೆ ಅನ್ವಯಿಸಿ ನೋಡಿದರೆ ಮೂತಿ ನಡುಗೆರೆಯಿಂದ ಎರಡೂ ಪಕ್ಕಕ್ಕೆ ಅರ್ಧ ಸೆಂಟಿಮೀಟರಿನಷ್ಟು ಸರಿಯುತ್ತದೆ, ಬಾಲದ ತುದಿ ಎರಡೂವರೆ ಸೆಂಟಿಮೀಟರಿಗೆ ತುಸು ಕಡಿಮೆ. ಆಶ್ಚರ್ಯವೆಂದರೆ ಎಲ್ಲಕ್ಕಿಂತ ಕಡಿಮೆ ಅಲುಗುವುದು ಮೂತಿಯಲ್ಲ. ಮೂತಿಯಿಂದ ಮೈಯುದ್ದದ ಕಾಲು ಭಾಗ ಹಿಂದೆ, ಕಿವಿರು ಮುಗಿಯುವ ಆಸುಪಾಸಿನ ಜಾಗ ಅದು. ಹಿಂಭಾಗ ನೀರನ್ನು ಒಂದು ಕಡೆಗೆ ತಳ್ಳಿದಾಗ ಮುಂಭಾಗಕ್ಕೆ ಅದರ ಹಿಮ್ಮೆಟ್ಟು ತಗುಲಿ ತಲೆ ಸಣ್ಣಗೆ ಅತ್ತಿತ್ತ ತೂಗುತ್ತದೆ. ತಲೆಯನ್ನು ಮೊಳೆ ಹೊಡೆದ ಹಾಗೆ ನಿಲ್ಲಿಸಿದ ಮೀನು ಸುಳ್ಳಾಗಿ ಕಾಣುವುದು ಇದಕ್ಕೇ.

ಎರಡನೆಯ ಸಾಲಿನಲ್ಲಿ ಜೀವ ಇರುವುದು ಕಳೆಯುವ ಚಿಹ್ನೆಯಲ್ಲಿ. `- phase` ಇದ್ದರೆ ಅಲೆ ತಲೆಯಿಂದ ಬಾಲಕ್ಕೆ ಓಡುತ್ತದೆ. ಅದನ್ನು `+ phase` ಮಾಡಿದರೆ ಬಾಲದಿಂದ ತಲೆಗೆ. ಹಾವುಮೀನು ಹಿಂದಕ್ಕೆ ಈಜುವಾಗ ನಿಜವಾಗಿಯೂ ಹೀಗೆ ಅಲೆಯನ್ನು ತಿರುವುಮುರುವು ಮಾಡುತ್ತದೆ, ಆದರೆ ಮುಂದಕ್ಕೆ ಹೋಗುತ್ತಿರುವ ಬಂಗುಡೆಯಲ್ಲಿ ಅದು ಅಪಹಾಸ್ಯ. ಇನ್ನು `6.28*s` ಎಂಬ ಭಾಗವನ್ನೇ ಬಿಟ್ಟರೆ ಅಲೆಯೇ ಇರುವುದಿಲ್ಲ. ಇಡೀ ಮೈ ಏಕಕಾಲಕ್ಕೆ ಒಂದು ಕಡೆಗೆ, ಮತ್ತೆ ಏಕಕಾಲಕ್ಕೆ ಇನ್ನೊಂದು ಕಡೆಗೆ ಹೋಗುತ್ತದೆ.

ಈಗ ಕಾಲದ ಲೆಕ್ಕ. ಬಂಗುಡೆ ಸೆಕೆಂಡಿಗೆ ಎರಡು ಬಾರಿ ಬಾಲ ಬೀಸುತ್ತಿದೆ ಎನ್ನಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ ಒಂದು ಪೂರ್ತಿ ಬೀಸಿಗೆ 12 ಫ್ರೇಮ್. ಅಷ್ಟರಲ್ಲಿ ಅಲೆ ಮೂತಿಯಿಂದ ಬಾಲದವರೆಗೆ 24 ಸೆಂಟಿಮೀಟರ್ ಓಡಿರುತ್ತದೆ, ಅಲ್ಲಿಗೆ ಅಲೆಯ ವೇಗ ಸೆಕೆಂಡಿಗೆ 48 ಸೆಂಟಿಮೀಟರ್. ಮೀನು ಮಾತ್ರ ಅಷ್ಟು ವೇಗವಾಗಿ ಮುಂದೆ ಹೋಗುವುದಿಲ್ಲ. ನೀರು ನೆಲದಂತೆ ಗಟ್ಟಿಯಲ್ಲ, ತಳ್ಳಿದರೆ ತಾನೂ ಹಿಂದಕ್ಕೆ ಜಾರುತ್ತದೆ. ಇಂಥ ಮೀನು ಒಂದು ಬೀಸಿಗೆ ತನ್ನ ಮೈಯುದ್ದದ ಸುಮಾರು 0.7ರಷ್ಟು ಮುಂದೆ ಸಾಗುತ್ತದೆ ಎಂದು ಹಿಡಿಯಬಹುದು. ನಮ್ಮ ಮೀನಿಗೆ ಅದು ಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್, ಫ್ರೇಮಿಗೆ 1.4 ಸೆಂಟಿಮೀಟರ್.

ಈ ಎರಡು ವೇಗಗಳ ಅಂತರದಲ್ಲೇ ಒಳ್ಳೆಯ ಪರೀಕ್ಷೆಯೊಂದು ಸಿಗುತ್ತದೆ. ಮೀನಿನ ಹಿನ್ನೆಲೆಯಲ್ಲಿ ಒಂದು ಕಲ್ಲನ್ನು ಇಟ್ಟು, ಕ್ಯಾಮೆರಾವನ್ನು ಮೇಲಿನಿಂದ ಅಲುಗದಂತೆ ನಿಲ್ಲಿಸಿ, ಮೈಯ ಒಂದು ಉಬ್ಬನ್ನು ಮಾತ್ರ ಕಣ್ಣಲ್ಲಿ ಹಿಡಿದು ನೋಡಿ. ಮೀನು ಮುಂದೆ ಹೋಗುತ್ತಿದ್ದರೂ ಆ ಉಬ್ಬು ಕಲ್ಲಿಗೆ ಹೋಲಿಸಿದರೆ ನಿಧಾನವಾಗಿ ಹಿಂದಕ್ಕೆ ಸರಿಯಬೇಕು, ನಮ್ಮ ಲೆಕ್ಕದಲ್ಲಿ ಸೆಕೆಂಡಿಗೆ 14 ಸೆಂಟಿಮೀಟರಿನಷ್ಟು. ಉಬ್ಬು ನಿಂತಲ್ಲೇ ನಿಂತಿದ್ದರೆ ಮೀನು ನೀರಲ್ಲಲ್ಲ, ಕೊರೆದಿಟ್ಟ ಹಳಿಯ ಮೇಲೆ ಹೋಗುತ್ತಿದೆ ಎಂದರ್ಥ. ಉಬ್ಬೂ ಮೀನಿನ ಜೊತೆ ಮುಂದಕ್ಕೆ ಬರುತ್ತಿದ್ದರೆ ಮೀನನ್ನು ಅತಿ ವೇಗವಾಗಿ ಸರಿಸಿದ್ದೀರಿ, ನಿಜವಾದ ನೀರಿನಲ್ಲಿ ಅಂಥ ಅಲೆ ಮೀನನ್ನು ತಡೆಯುತ್ತದೆಯೇ ಹೊರತು ನೂಕುವುದಿಲ್ಲ. ಉಬ್ಬು ಭರ್ರನೆ ಹಿಂದಕ್ಕೆ ಓಡಿದರೆ ಮೀನು ಸುಮ್ಮನೆ ಒದ್ದಾಡುತ್ತಿದೆ. ಯಾವ ಸಾಫ್ಟ್‌ವೇರ್ ಬಳಸಿದರೂ ಈ ಪರೀಕ್ಷೆ ನಡೆಯುತ್ತದೆ, ಕೈಯಿಂದ ಬಿಡಿಸಿದ ಚಿತ್ರಕ್ಕೂ ಸಲ್ಲುತ್ತದೆ.

ಇನ್ನು ಬಾಲದ ಎಳೆತ. ಯಾವುದೇ ಮೆದುವಾದ ತುದಿ ತನ್ನ ಬುಡದ ಹಿಂದೆ ತಡವಾಗಿ ಬರಬೇಕು ಎಂಬುದು ಅನಿಮೇಟರುಗಳ ಹಳೆಯ ಪಾಠ. ಮೀನಿನಲ್ಲಿ ಇದನ್ನು ಅಲಂಕಾರವೆಂದು ಬೇರೆಯಾಗಿ ಸೇರಿಸಬೇಕಿಲ್ಲ, ಅದು ಅದೇ ಅಲೆಯ ಮುಂದುವರಿಕೆ. ನಮ್ಮ 12 ಫ್ರೇಮುಗಳಲ್ಲಿ ಬಾಲದ ಬುಡ 0ನೇ ಫ್ರೇಮಿನಲ್ಲಿ ಬಲತುದಿಯಲ್ಲಿದ್ದರೆ 3ನೇ ಫ್ರೇಮಿನಲ್ಲಿ ನಡುಗೆರೆ ದಾಟುತ್ತದೆ, 6ರಲ್ಲಿ ಎಡತುದಿ ಮುಟ್ಟುತ್ತದೆ. ಬುಡ ಅತ್ಯಂತ ವೇಗವಾಗಿರುವುದು 3ನೇ ಫ್ರೇಮಿನಲ್ಲಿ. ಆಗ ಬಾಲರೆಕ್ಕೆ ಬಲಕ್ಕೆ ಓರೆಯಾಗಿ ಹಿಂದೆ ಉಳಿದಿರಬೇಕು. ಹೀಗೆ ಓರೆಯಾಗಿರುವುದರಿಂದಲೇ ಅದು ನೀರನ್ನು ಬರೀ ಪಕ್ಕಕ್ಕಲ್ಲ, ಹಿಂದಕ್ಕೂ ತಳ್ಳುತ್ತದೆ, ಮೀನು ಮುಂದಕ್ಕೆ ಹೋಗುವುದು ಆ ತಳ್ಳಿಗೆ. 6ನೇ ಫ್ರೇಮಿನಲ್ಲಿ ಬುಡ ನಿಂತಾಗ ರೆಕ್ಕೆ ಇನ್ನೂ ಎಡಕ್ಕೆ ಸರಿಯುತ್ತಲೇ ಇರುತ್ತದೆ, ಎರಡು ಫ್ರೇಮ್ ಕಳೆದ ಮೇಲಷ್ಟೇ ತನ್ನ ತುದಿ ಮುಟ್ಟುತ್ತದೆ. ಎಡತುದಿಯಲ್ಲಿ ಬುಡ ಮತ್ತು ರೆಕ್ಕೆ ಒಟ್ಟಿಗೆ ಗಕ್ಕನೆ ನಿಂತರೆ ಮೀನು ತಗಡಿನದ್ದಾಗುತ್ತದೆ.

ತಡ ಎಷ್ಟಿರಬೇಕೆಂಬುದು ರೆಕ್ಕೆಯ ಬಿಗಿತಕ್ಕೆ ಬಿಟ್ಟದ್ದು. ಕಾಲು ಬೀಸಿಗಿಂತ, ಅಂದರೆ ನಮ್ಮ ಲೆಕ್ಕದ 3 ಫ್ರೇಮಿಗಿಂತ ಹೆಚ್ಚಾದರೆ ಬಂಗುಡೆಯ ಕವಲುಬಾಲ ಬಟ್ಟೆಯಂತೆ ಕಾಣತೊಡಗುತ್ತದೆ. ತೊಟ್ಟಿಯಲ್ಲಿ ಸಾಕುವ ಉದ್ದಬಾಲದ ಗೋಲ್ಡ್‌ಫಿಶ್‌ಗೆ ಅದೇ ಸರಿ. ಹಾಗೆಂದು ಬಾಲರೆಕ್ಕೆ ಬರೀ ಬಟ್ಟೆಯೂ ಅಲ್ಲ. ಅದರೊಳಗಿನ ಕಡ್ಡಿಗಳ ಬುಡಕ್ಕೆ ಸ್ನಾಯುಗಳಿವೆ, ಬೇಕೆಂದಾಗ ಮೀನು ಅವುಗಳನ್ನು ಬಾಗಿಸಬಲ್ಲದು, ಬಿಗಿಗೊಳಿಸಬಲ್ಲದು. ಬಟ್ಟೆಗೆಂದು ಮಾಡಿದ ಸಿಮ್ಯುಲೇಷನ್ನನ್ನು ಬಾಲಕ್ಕೆ ಅಂಟಿಸಿ ಕೈತೊಳೆದುಕೊಳ್ಳುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ.

ಸೂತ್ರವನ್ನು ಪರದೆಗೆ ತರಲು ಎರಡು ದಾರಿಗಳಿವೆ. ಒಂದು, ಮೀನಿನ ಮೈಯ ಪ್ರತಿ ಬಿಂದುವನ್ನೂ ಸೂತ್ರದಂತೆ ನೇರವಾಗಿ ಪಕ್ಕಕ್ಕೆ ಸರಿಸುವುದು. 2016ರಲ್ಲಿ ಬಂದ `ABZÛ` ಎಂಬ ಆಟದಲ್ಲಿ ಸಾವಿರಾರು ಮೀನುಗಳು ಒಟ್ಟಿಗೆ ಈಜುವುದು ಇಂಥ ಉಪಾಯದಿಂದ. ಇದು ಅಗ್ಗ, ಆದರೆ ಒಂದು ಕೊರತೆಯಿದೆ. ನಮ್ಮ ಸೂತ್ರದಲ್ಲಿ ಬಾಲದ ತುದಿ ನಡುಗೆರೆ ದಾಟುವಾಗ ಸುಮಾರು 32 ಡಿಗ್ರಿ ಓರೆಯಾಗುತ್ತದೆ, ಬಿಂದುಗಳನ್ನು ಪಕ್ಕಕ್ಕೆ ಮಾತ್ರ ಸರಿಸಿದರೆ ಆ ಗಳಿಗೆಯಲ್ಲಿ ಅಲ್ಲಿನ ಮೈ ಸುಮಾರು ಐದರಲ್ಲೊಂದು ಪಾಲು ಹಿಗ್ಗುತ್ತದೆ. ದೂರದ ಹಿಂಡಿನಲ್ಲಿ ಯಾರಿಗೂ ಗೊತ್ತಾಗದು. ಹತ್ತಿರದ ಮೀನಿನ ಬಾಲ ರಬ್ಬರಿನಂತೆ ಉದ್ದವಾಗಿ ಗಿಡ್ಡವಾಗುವುದು ಕಾಣಿಸಿಬಿಡುತ್ತದೆ.

ಹತ್ತಿರದ ಮೀನಿಗೆ ಎರಡನೆಯ ದಾರಿಯೇ ಸರಿ. ಮೈಯೊಳಗೆ ಬೋನುಗಳ ಸರಪಳಿ ಇಟ್ಟು ಒಂದೊಂದನ್ನೂ ತಿರುಗಿಸುವುದು. ಆರು ಬೋನುಗಳಿದ್ದರೆ 12 ಫ್ರೇಮನ್ನು ಹಂಚಿ, ಒಂದೊಂದರ ಚಲನೆಯನ್ನೂ ಮುಂದಿನದಕ್ಕಿಂತ 2 ಫ್ರೇಮ್ ತಡಮಾಡಿದರೆ ಅಲೆ ತಾನಾಗಿ ಹುಟ್ಟುತ್ತದೆ. ಎಚ್ಚರ ಬೇಕಾದದ್ದು ಎರಡು ಕಡೆ. ಸರಪಳಿಯಲ್ಲಿ ಮುಂದಿನ ಬೋನ್ ತಿರುಗಿದರೆ ಹಿಂದಿನವೆಲ್ಲ ಅದರ ಜೊತೆ ತಿರುಗುತ್ತವೆ, ಹಾಗಾಗಿ ಮುಂದಿನವಕ್ಕೆ ಒಂದೆರಡು ಡಿಗ್ರಿ ಸಾಕು, ಹಿಂದೆ ಹೋದಂತೆ ಹೆಚ್ಚಿಸಬೇಕು. ಮತ್ತು ಸರಪಳಿಯ ಬೇರನ್ನು ಮೂತಿಯಲ್ಲಿ ನೆಡದೆ, ಅತಿ ಕಡಿಮೆ ಅಲುಗುವ ಆ ಕಿವಿರಿನ ಜಾಗದಲ್ಲಿ ನೆಟ್ಟು, ಅಲ್ಲಿಂದ ತಲೆಗೊಂದು ಬೋನ್ ಮುಂದಕ್ಕೆ, ಉಳಿದವನ್ನು ಹಿಂದಕ್ಕೆ ಹೂಡಬೇಕು.

ವೇಗ ಬದಲಿಸುವಾಗ ಅನುಭವಿಗಳೂ ಎಡವುತ್ತಾರೆ. ವೇಗವಾಗಿ ಹೋಗಬೇಕಾದ ಮೀನು ಬಾಲವನ್ನು ಹೆಚ್ಚು ಅಗಲಕ್ಕೆ ಬೀಸುವುದಿಲ್ಲ, ಹೆಚ್ಚು ಬಾರಿ ಬೀಸುತ್ತದೆ. 1958ರಲ್ಲಿ ರಿಚರ್ಡ್ ಬೇನ್‌ಬ್ರಿಜ್ ಪ್ರಕಟಿಸಿದ ಅಳತೆಗಳಲ್ಲಿ, ಬೀಸುವ ವೇಗ ಒಂದು ಮಟ್ಟ ದಾಟಿದ ಮೇಲೆ ಬಾಲದ ಒಟ್ಟು ಅಗಲ ಮೈಯುದ್ದದ ಐದನೇ ಒಂದರ ಸುಮಾರಿಗೇ ನಿಲ್ಲುತ್ತದೆ. ಹಾಗಾಗಿ ಬದಲಿಸಬೇಕಾದದ್ದು ಬೀಸಿನ ಸಂಖ್ಯೆ `f` ಒಂದನ್ನೇ. ಆದರೆ ಅದನ್ನು ಆರಂಭದಿಂದ ಕಳೆದ ಒಟ್ಟು ಕಾಲಕ್ಕೆ ಗುಣಿಸಿದರೆ, `f` ಸ್ವಲ್ಪ ಏರಿದ ಕೂಡಲೇ ಹಿಂದಿನ ಕಾಲವೆಲ್ಲ ಹೊಸ ಸಂಖ್ಯೆಯಿಂದ ಗುಣವಾಗಿ ಬಾಲ ಹುಚ್ಚೆದ್ದು ನಡುಗುತ್ತದೆ. ಪ್ರತಿ ಫ್ರೇಮಿಗೂ ಆ ಫ್ರೇಮಿನ ಪಾಲನ್ನಷ್ಟೇ ಕೂಡಿಸುತ್ತ ಹೋಗಬೇಕು:

```
phase = phase + 6.28 * f * dt
```

ಇಷ್ಟಾದರೂ ಒಂದೇ ಬೀಸು ಬಿಡುವಿಲ್ಲದೆ ಮರುಕಳಿಸಿದರೆ ಯಂತ್ರದಂತೆ ಕಾಣುತ್ತದೆ. ಎಷ್ಟೋ ಮೀನುಗಳು ನಾಲ್ಕಾರು ಬೀಸು ಬೀಸಿ, ಮೈ ನೆಟ್ಟಗೆ ಮಾಡಿಕೊಂಡು ಸ್ವಲ್ಪ ದೂರ ತೇಲಿ, ವೇಗ ಇಳಿದಾಗ ಮತ್ತೆ ಬೀಸುತ್ತವೆ. ಆ ತೇಲುವಿಕೆಗಾಗಿ `amp`ಅನ್ನು ಮೆಲ್ಲನೆ ಇಳಿಸಿ, ಜೊತೆಗೆ ಮೀನಿನ ವೇಗವನ್ನೂ ಇಳಿಸಬೇಕು.

ಸೂತ್ರದ ಎಲ್ಲೆಯೂ ಇಲ್ಲಿಗೆ ಬರುತ್ತದೆ. ಅದು ಒಂದೇ ವೇಗದಲ್ಲಿ ನೇರಕ್ಕೆ ಈಜುವ ಮೀನಿನದ್ದು. ಬೆದರಿದ ಮೀನು ಮೈಯನ್ನು ಒಂದೇ ಮಗ್ಗುಲಿಗೆ ಬಿಲ್ಲಿನಂತೆ ಬಾಗಿಸಿ ಚಿಮ್ಮುತ್ತದೆ, ಆ ಬಾಗು ಮುಗಿಯುವುದು ಸಿನಿಮಾದ ಒಂದೆರಡು ಫ್ರೇಮಿನ ಅವಧಿಯಲ್ಲಿ. ಕೋಮಾಳಿ ಮೀನಿನಂಥವು ನಿಧಾನವಾಗಿ ಓಡಾಡುವಾಗ ಪಕ್ಕೆಯ ರೆಕ್ಕೆಗಳಿಂದಲೇ ಹುಟ್ಟು ಹಾಕುತ್ತವೆ, ಅದಕ್ಕಾಗಿಯೇ 2003ರ `Finding Nemo` ಚಿತ್ರಕ್ಕೆ ಮೀನುಗಳ ಚಲನೆ ಬಲ್ಲ ಜೀವವಿಜ್ಞಾನಿ ಆಡಂ ಸಮ್ಮರ್ಸ್ ಸಲಹೆಗಾರರಾಗಿದ್ದದ್ದು ಉಪಯೋಗಕ್ಕೆ ಬಂದಿರಬೇಕು. ಇವೆರಡನ್ನೂ ಸೈನ್ ಅಲೆಯಿಂದ ಹೊಂದಿಸಲು ಹೋಗುವುದು ವ್ಯರ್ಥ. ಅವನ್ನು ನಿಜವಾದ ಮೀನಿನ ವೀಡಿಯೊ ಎದುರಿಗಿಟ್ಟುಕೊಂಡು ಫ್ರೇಮ್ ಫ್ರೇಮಾಗಿ ಕೈಯಿಂದಲೇ ಮಾಡಬೇಕು.