ಎದೆ 40: ಮೈಯದೋ, ಕೋಟಿನದೋ?

ಮದುವೆ ದಾವಣಗೆರೆಯಲ್ಲಿ, ಮದುಮಗ ಮ್ಯೂನಿಕ್‌ನಲ್ಲಿ. ಆರತಕ್ಷತೆಯ ಕೋಟನ್ನು ಮಾತ್ರ ಅಪ್ಪನ ಕಾಲದಿಂದ ಮನೆಮಂದಿಗೆಲ್ಲ ಹೊಲಿದ ಟೈಲರೇ ಹೊಲಿಯಬೇಕು. ಇಂಥ ಮನೆಗಳಿಂದ ಅಂಗಡಿಗೆ ಬರುವ ವಾಟ್ಸ್ಯಾಪ್ ಚೀಟಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಎದೆ 40, ಹೊಟ್ಟೆ 37, ಸೀಟು 40, ಭುಜ 18, ತೋಳು 24½, ಉದ್ದ 29. ಫಿಟ್ ಆಗಿರಲಿ ಮಾಸ್ಟರ್.’ ನೋಡಿದರೆ ಎಲ್ಲವೂ ಇದೆ. ಆದರೆ ಕತ್ತರಿ ಹಿಡಿದ ಕಟಿಂಗ್ ಮಾಸ್ಟರಿಗೆ ಮೊದಲ ಅಂಕಿಯಲ್ಲೇ ಅನುಮಾನ. ಈ 40 ಯಾವುದು? ಹುಡುಗನ ಮೈಯ ಅಳತೆಯೋ, ಅವನು ಹಾಕಿಕೊಳ್ಳುವ ಹಳೇ ಕೋಟಿನ ಅಳತೆಯೋ?

ಕೋಟು ಮೈಗೆ ಸರಿಸಮವಾಗಿ ಇರುವಂತಿಲ್ಲ. ಒಳಗೆ ಷರ್ಟ್ ಇರುತ್ತದೆ, ಲೈನಿಂಗ್ ಇರುತ್ತದೆ, ಎದೆಭಾಗಕ್ಕೆ ಕ್ಯಾನ್ವಾಸ್ ಕೂತಿರುತ್ತದೆ. ಇಷ್ಟರ ಮೇಲೆ ಉಸಿರು ಎಳೆದುಕೊಳ್ಳಲು, ಕೈ ಮುಂದೆ ಚಾಚಲು ಜಾಗ ಬೇಕು. ಹಾಗಾಗಿ ಮೈಯಲ್ಲಿ ಎದೆ 40 ಇಂಚಿದ್ದರೆ ಸಿದ್ಧವಾದ ಕೋಟು 43½ರಿಂದ 44 ಇಂಚಿನಷ್ಟು ಬರುವಂತೆ ಮಾಸ್ಟರ್ ಸಡಿಲ ಸೇರಿಸುತ್ತಾರೆ. ಚೀಟಿ ಕಳಿಸಿದವನು ಹಳೇ ಕೋಟಿನ ಗುಂಡಿ ಹಾಕಿ, ಹಾಸಿಗೆಯ ಮೇಲೆ ಹಾಸಿ, ಕಂಕುಳಿಂದ ಕಂಕುಳಿಗೆ 22 ಬಂದದ್ದನ್ನು ಎರಡರಿಂದ ಗುಣಿಸಿ ‘ಎದೆ 44’ ಎಂದು ಬರೆದ ಅಂತಿಟ್ಟುಕೊಳ್ಳಿ. ಮಾಸ್ಟರ್ ಅದನ್ನು ಮೈಯಳತೆ ಎಂದುಕೊಂಡು ಮತ್ತೆ ನಾಲ್ಕು ಸೇರಿಸಿದರೆ ಕೋಟು 48 ಆಗುತ್ತದೆ, ಹುಡುಗ ಅದರೊಳಗೆ ಕಳೆದೇಹೋಗುತ್ತಾನೆ. ತಿರುಗುಮುರುಗಾದರೆ ಇನ್ನೂ ಕಷ್ಟ. ಮೈಯ 40ನ್ನೇ ಕೋಟಿನ ಅಳತೆಯೆಂದು ಕತ್ತರಿಸಿದರೆ ಗುಂಡಿಯೇ ಬೀಳುವುದಿಲ್ಲ, ಕತ್ತರಿಸಿದ ಬಟ್ಟೆ ಮತ್ತೆ ಬೆಳೆಯುವುದೂ ಇಲ್ಲ. ಆದ್ದರಿಂದ ಚೀಟಿಯ ಮೊದಲ ಸಾಲು ಅಂಕಿಯಾಗಿರಬಾರದು. ‘ಇವೆಲ್ಲ ಮೈಯಳತೆ, ಸಡಿಲ ಸೇರಿಸಿಲ್ಲ’ ಎಂಬ ಮಾತಾಗಿರಬೇಕು.

ತನ್ನ ಅಳತೆ ತಾನೇ ತೆಗೆದುಕೊಳ್ಳುವುದು ಆಗದ ಕೆಲಸ. ಟೇಪ್ ನೋಡಲು ತಲೆ ಬಗ್ಗಿಸಿದ ಕೂಡಲೇ ಬೆನ್ನು ಬಾಗುತ್ತದೆ, ಬೆನ್ನಿನ ಮೇಲಿನ ಟೇಪ್ ಕೆಳಗೆ ಜಾರುತ್ತದೆ. ಪಕ್ಕದ ಮನೆಯ ಗೆಳೆಯನಾದರೂ ಸರಿ, ಇನ್ನೊಬ್ಬರು ಬೇಕು. ಮೇಲೆ ಷರ್ಟ್ ಇರಲಿ, ಜೇಬು ಖಾಲಿಯಿರಲಿ, ಕೈ ಇಳಿಬಿಟ್ಟಿರಲಿ. ಎದೆಯ ಸುತ್ತಳತೆಗೆ ಟೇಪ್ ಕಂಕುಳ ಕೆಳಗಿಂದ ಬಂದು, ಬೆನ್ನಿನ ಹಲಗೆಮೂಳೆಗಳ ಮೇಲೆ ಹಾದು, ಸುತ್ತಲೂ ಒಂದೇ ಮಟ್ಟದಲ್ಲಿ ಕೂರಬೇಕು. ಭುಜವನ್ನು ಬೆನ್ನಿನ ಕಡೆಯಿಂದ, ಮೂಳೆ ಮುಗಿಯುವ ತುದಿಯಿಂದ ತುದಿಗೆ ಅಳೆಯುತ್ತಾರೆ. ಕೋಟಿನ ಉದ್ದಕ್ಕೆ ಹಳೆಯ ಟೈಲರುಗಳ ಲೆಕ್ಕವೊಂದಿದೆ: ಕತ್ತಿನ ಹಿಂದೆ ಕೈಗೆ ಸಿಗುವ ಮೂಳೆಯಿಂದ ನೆಲದವರೆಗೆ ಅಳೆದು ಅದರ ಅರ್ಧ ಮಾಡುವುದು. ಐದಡಿ ಎಂಟಿಂಚಿನ ಈ ಹುಡುಗನಿಗೆ ಅದು 58 ಇಂಚಿನ ಆಸುಪಾಸು ಬರುತ್ತದೆ, ಅರ್ಧ 29. ಜರ್ಮನಿಯ ಟೇಪಿನಲ್ಲಿ ಸೆಂಟಿಮೀಟರ್ ಮಾತ್ರ ಇದ್ದರೆ ಇಂಚಿಗೆ ತಿರುಗಿಸುವ ಗೋಜಿಗೆ ಹೋಗದೆ 102, 94, 102 ಎಂದೇ ಬರೆದು ಪಕ್ಕದಲ್ಲಿ ‘ಸೆಂ.ಮೀ.’ ಎಂದು ಸೇರಿಸಿದರೆ ಸಾಕು.

ಇಷ್ಟು ಸರಿಯಾಗಿದ್ದರೂ ಕೋಟು ಕೆಡುವ ಜಾಗ ಇನ್ನೊಂದಿದೆ, ಅದು ಟೇಪಿಗೆ ಸಿಕ್ಕುವುದಿಲ್ಲ: ನಿಲ್ಲುವ ಭಂಗಿ.

ಎದೆ 40 ಇರುವ ಇಬ್ಬರಲ್ಲಿ ಒಬ್ಬ ಎದೆ ಸೆಟೆಸಿ ನಿಲ್ಲುತ್ತಾನೆ, ಇನ್ನೊಬ್ಬ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಭುಜ ಮುಂದಕ್ಕೆ ಬಾಗಿಸಿಕೊಂಡಿರುತ್ತಾನೆ. ಬಾಗಿದವನಿಗೆ ಬೆನ್ನಿನ ತುಂಡು ಉದ್ದ ಬೇಕು, ಮುಂದಿನದು ಚೂರು ಗಿಡ್ಡ ಬೇಕು. ನೇರ ನಿಂತವನ ಲೆಕ್ಕದಲ್ಲೇ ಅವನಿಗೂ ಕತ್ತರಿಸಿದರೆ ಕೋಟಿನ ಕಾಲರ್ ಕತ್ತಿನಿಂದ ಹಿಂದಕ್ಕೆ ಸರಿದು ನಿಲ್ಲುತ್ತದೆ, ಕೆಳಗೆ ಹಿಂಭಾಗ ಮೇಲೆದ್ದು ಮುಂಭಾಗ ಜೋಲುತ್ತದೆ. ವೇದಿಕೆಯ ಮೇಲಿನ ಫೋಟೋಗಳಲ್ಲಿ ವರನ ಕತ್ತಿಗೂ ಕಾಲರಿಗೂ ನಡುವೆ ಬೆರಳು ತೂರುವಷ್ಟು ಸಂದಿ ಕಂಡರೆ ಕಾರಣ ಎಷ್ಟೋ ಸಲ ಇದೇ. ಹೊಟ್ಟೆ ಮುಂದಿರುವವರಿಗೆ ತದ್ವಿರುದ್ಧ: ಮುಂಭಾಗದ ಉದ್ದ ಹೆಚ್ಚಿಸದಿದ್ದರೆ ಕೋಟಿನ ಅಂಚು ಮುಂದೆ ಮೇಲಕ್ಕೇರುತ್ತದೆ. ಅನೇಕರಲ್ಲಿ ಒಂದು ಭುಜ ಇನ್ನೊಂದಕ್ಕಿಂತ ತುಸು ಇಳಿದಿರುತ್ತದೆ. ಇಳಿದ ಕಡೆ ಕಂಕುಳ ಕೆಳಗೆ ಓರೆಯಾದ ನಿರಿಗೆ ಬೀಳುತ್ತದೆ, ಮಾಸ್ಟರ್ ಅಲ್ಲಿ ಪ್ಯಾಡ್ ದಪ್ಪ ಮಾಡಿ ಸರಿದೂಗಿಸಬಲ್ಲರು. ಆದರೆ ಅವರಿಗೆ ಗೊತ್ತಾಗಬೇಕಲ್ಲ! ಚೀಟಿಯ ಜೊತೆ ಮೂರು ಫೋಟೋ ಹೋಗಬೇಕು ಎನ್ನುವುದು ಇದಕ್ಕಾಗಿ. ಮೈಗಂಟಿದ ಷರ್ಟ್ ಅಥವಾ ಬನಿಯನ್ ತೊಟ್ಟು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಒಂದೊಂದು. ಫೋಟೋ ಎಂದು ಎದೆ ಉಬ್ಬಿಸಿ, ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಹೊಲಿಯುವುದು ಆ ಕ್ಷಣದ ಮನುಷ್ಯನಿಗೆ.

ಇನ್ನು ‘ಫಿಟ್ ಆಗಿರಲಿ’ ಎಂಬ ಸಾಲು. ಹುಡುಗನ ಫಿಟ್ ಬೇರೆ, ಐವತ್ತು ದಾಟಿದ ಮಾಸ್ಟರರ ಫಿಟ್ ಬೇರೆ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಗುರುತನ್ನೇ ಬರೆಯಬೇಕು. ‘ಗುಂಡಿ ಹಾಕಿದ ಮೇಲೆ ಹೊಟ್ಟೆಗೂ ಕೋಟಿಗೂ ನಡುವೆ ಒಂದು ಮುಷ್ಟಿ ಹಿಡಿಯಲಿ. ತೋಳಿನ ಕೆಳಗೆ ಷರ್ಟಿನ ಕಫ್ ಅರ್ಧ ಇಂಚು ಕಾಣಲಿ. ಕೋಟು ಸೀಟನ್ನು ಮುಚ್ಚಲಿ, ಅದಕ್ಕಿಂತ ಕೆಳಗೆ ಬೇಡ. ಎರಡು ಗುಂಡಿ, ಹಿಂದೆ ಎರಡು ಸೀಳು.’ ಇಂಥ ಸಾಲುಗಳಲ್ಲಿ ವಾದಕ್ಕೆ ಆಸ್ಪದವಿಲ್ಲ. ಗುಂಡಿಯ ಸುತ್ತ X ಆಕಾರದಲ್ಲಿ ನಿರಿಗೆ ಎಳೆದರೆ ಹೊಟ್ಟೆ ಬಿಗಿ, ಹಿಂದಿನ ಸೀಳು ಬಾಯಿಬಿಟ್ಟರೆ ಸೀಟು ಬಿಗಿ ಎಂದು ಯಾರು ಬೇಕಾದರೂ ಹೇಳಬಹುದು.

ಆರ್ಮ್‌ಹೋಲ್ ವಿಷಯದಲ್ಲಿ ಮಾತ್ರ ಗಿರಾಕಿಗಳು ಕೇಳುವುದು ಉಲ್ಟಾ. ಕೈಯಾಡಿಸಲು ಹಾಯಾಗಿರಲಿ ಎಂದು ಅದನ್ನು ಕೆಳಗಿಳಿಸಲು ಹೇಳುತ್ತಾರೆ. ಇಳಿಸಿದಷ್ಟೂ ತೋಳು ಕೋಟಿನ ಬದಿಗೆ ಕೆಳಗೆಲ್ಲೋ ಅಂಟಿಕೊಳ್ಳುತ್ತದೆ. ಅಕ್ಷತೆ ಹಾಕುವ ಹಿರಿಯರಿಗೆ ಕೈಮುಗಿದಾಗಲೆಲ್ಲ ಇಡೀ ಕೋಟು ಭುಜದ ಜೊತೆ ಮೇಲೇಳುತ್ತದೆ. ಕಂಕುಳಿಗೆ ಹತ್ತಿರ, ಒತ್ತದಷ್ಟು ಎತ್ತರದಲ್ಲಿದ್ದರೆ ಕೈ ಎದ್ದರೂ ಕೋಟು ತನ್ನ ಜಾಗದಲ್ಲೇ ಉಳಿಯುತ್ತದೆ. ಗಂಟೆಗಟ್ಟಲೆ ನಿಂತು ಕೈಕುಲುಕುವ ಆರತಕ್ಷತೆಗೆ ಇದೇ ಲೇಸು.

ಚೀಟಿ ಎಷ್ಟೇ ಚೆನ್ನಾಗಿದ್ದರೂ ಕಚ್ಚಾ ಹೊಲಿಗೆಯ ಟ್ರಯಲ್‌ಗೆ ಅದು ಬದಲಿಯಲ್ಲ. ಹುಡುಗ ಮದುವೆಗೆ ಒಂದು ವಾರ ಮುಂಚೆಯಷ್ಟೇ ಬಂದಿಳಿಯುವುದಾದರೆ, ಆಮೇಲೆ ಸರಿಪಡಿಸಲು ಸಾಧ್ಯವಿರುವುದು ಯಾವುದು ಎಂದು ತಿಳಿದಿರಬೇಕು. ಸೊಂಟ ಹಿಡಿಸಬಹುದು, ಒಳಗೆ ಬಟ್ಟೆ ಬಿಟ್ಟಿದ್ದರೆ ಸಡಿಲಿಸಲೂಬಹುದು. ತೋಳಿನ ಉದ್ದ ಏರಿಸಿ ಇಳಿಸಬಹುದು, ಆದರೆ ತೋಳಿನ ತುದಿಗೆ ಕಾಜ ಕತ್ತರಿಸಿಬಿಟ್ಟಿದ್ದರೆ ಅದೂ ಕಷ್ಟ. ಅಗಲವಾದ ಭುಜವನ್ನು ಕಿರಿದು ಮಾಡುವುದೆಂದರೆ ತೋಳು ಬಿಚ್ಚಿ ಅರ್ಧ ಕೋಟನ್ನು ಹೊಸದಾಗಿ ಹೊಲಿದಂತೆ. ಇಳಿಸಿ ಕತ್ತರಿಸಿದ ಆರ್ಮ್‌ಹೋಲನ್ನು ಮೇಲೆತ್ತಲು ಬಟ್ಟೆಯೇ ಇರುವುದಿಲ್ಲ.

ಭುಜ ಚೆನ್ನಾಗಿ ಕೂರುವ ಹಳೇ ಕೋಟೊಂದು ಮನೆಯ ಬೀರುವಿನಲ್ಲಿದ್ದರೆ ಚೀಟಿಯ ಜೊತೆ ಅದನ್ನೂ ಅಳತೆಗೆಂದು ಅಂಗಡಿಗೆ ಮುಟ್ಟಿಸಿ. ಅದರಲ್ಲಿ ಏನು ಸರಿಯಿಲ್ಲ ಎಂಬುದನ್ನೂ ಬರೆಯಿರಿ. ಚೀಟಿಯ ಕೊನೆಗೆ ಇನ್ನೆರಡು ಸಾಲು ಮರೆಯದೆ ಸೇರಿಸಿ: ‘ಪಕ್ಕದ ಹೊಲಿಗೆಯಲ್ಲಿ ಒಂದು ಇಂಚು ಬಟ್ಟೆ ಒಳಗೆ ಬಿಡಿ. ಟ್ರಯಲ್ ಆಗುವವರೆಗೆ ತೋಳಿಗೆ ಕಾಜ ಹಾಕಬೇಡಿ.’